ನಳಪಾಕ ಎಂದು ಬರೆಯಬೇಡಿ

ಸಂಪಾದಕರೇ,
ಕಳೆದ ತಿಂಗಳು ಮಗಳ ಮದುವೆಯನ್ನು ಮನೆಯಂಗಳದಲ್ಲೇ ಮಾಡಿದೆವು. 400 ಎಲೆ ಬಿತ್ತು. ಅಡುಗೆ ಭಟ್ಟರಿಗೆ, ಮಂಟಪ ಕಟ್ಟಿದ ಹುಡುಗರಿಗೆ, ವಾರವಿಡೀ ದುಡಿದ ನೆಂಟರಿಗೆ ಪತ್ರ ಬರೆಯಬೇಕೆಂದು ಆಸೆ. ನಮ್ಮ ಮನೆಯವರು ಮಾತ್ರ "ಭಟ್ಟರಿಗೆ ಹಣ ಕೊಟ್ಟಾಗಿದೆ, ನೆಂಟರಿಗೆ ಧನ್ಯವಾದ ಹೇಳಿದರೆ ಹೊರಗಿನವರನ್ನಾಗಿ ಮಾಡಿದ ಹಾಗೆ" ಎನ್ನುತ್ತಾರೆ. 'ನಿಮ್ಮ ನಳಪಾಕಕ್ಕೆ ಧನ್ಯವಾದಗಳು' ಎಂದು ಒಂದು ಸಾಲು ಬರೆದು ನಿಲ್ಲಿಸಿದ್ದೇನೆ. ಮುಂದೇನು ಬರೆಯಲಿ?
— ಒಬ್ಬ ಓದುಗಿ, ಸಾಗರ

ಅಮ್ಮಾ, ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದಾಯಿತು. ಆ ಸಾಲನ್ನು ಹೊಡೆದು ಹಾಕಿ.

ನಿಮ್ಮ ಯಜಮಾನರ ಮಾತಿನಲ್ಲೂ ಹುರುಳಿದೆ. 'ಧನ್ಯವಾದ' ಸಭೆಯ ಮಾತು, ವಂದನಾರ್ಪಣೆಯ ಮಾತು. ಅತ್ತಿಗೆಯ ಮುಂದೆ ನಿಂತು ಅದನ್ನು ಹೇಳಿದರೆ ಆಕೆ ನಿಮ್ಮ ಹಣೆ ಮುಟ್ಟಿ ಜ್ವರ ನೋಡಿಯಾಳು. 'ದೊಡ್ಡ ಉಪಕಾರ ಆಯ್ತು' ಎಂದರೆ ಸಾಕು, ಕಿವಿಗೆ ಹಿತ. ಅಷ್ಟು ಒಪ್ಪಿದೆ. ಪದ ಬೇಡವೆನಿಸಿದರೆ ಪದವನ್ನು ಬಿಡಿ. ಪತ್ರವನ್ನೇ ಬಿಡುವುದು ಯಾವ ನ್ಯಾಯ?

ಇನ್ನು ನಳಪಾಕ. ನಳ ಬಾಹುಕನ ವೇಷದಲ್ಲಿ ಅಡುಗೆ ಮಾಡುವಾಗ ಬರಿಯ ಪಾತ್ರೆಯನ್ನು ನೋಡಿದರೆ ನೀರು ತುಂಬುತ್ತಿತ್ತು, ಹಿಡಿ ಹುಲ್ಲಿಗೆ ತಾನೇ ಬೆಂಕಿ ಹತ್ತುತ್ತಿತ್ತು. ಹೊಂಚಿ ನೋಡಿ ಬಂದ ದಾಸಿ ಕೇಶಿನಿ ದಮಯಂತಿಗೆ ಹೇಳುವುದು ಇದನ್ನೇ. ಅಂದರೆ ನಳನಿಗೆ ಬಾವಿಯಿಂದ ನೀರು ಹೊರುವವರು ಬೇಕಿರಲಿಲ್ಲ, ಸೌದೆ ಒಡೆಯುವವರೂ ಬೇಕಿರಲಿಲ್ಲ. ನಿಮ್ಮ ಭಟ್ಟರಿಗೆ ಇಬ್ಬರೂ ಬೇಕಿತ್ತು. ಅವರದನ್ನು ನಳಪಾಕ ಎಂದರೆ ಆ ಇಬ್ಬರನ್ನು ಅಳಿಸಿದ ಹಾಗೆ. ನಮಗೆ ಮಾದರಿಯಾಗಬೇಕಾದವಳು ದಮಯಂತಿ. ಆಕೆ ಹೊಗಳಲಿಲ್ಲ; ಬೇಯಿಸಿದ್ದನ್ನು ತರಿಸಿ, ಬಾಯಿಗಿಟ್ಟು, ಇದು ಯಾರ ಕೈ ಎಂದು ಗುರುತು ಹಿಡಿದಳು. ನಿಮ್ಮ ಪತ್ರವೂ ಕೈಯ ಗುರುತು ಹಿಡಿಯಬೇಕು.

ಅದಕ್ಕೆ ಮೊದಲು ಆ ಕೈ ಏನು ಮಾಡಿತೆಂದು ತಿಳಿಯಬೇಕಲ್ಲ. ಅನ್ನವನ್ನೇ ತೆಗೆದುಕೊಳ್ಳಿ. 400 ಎಲೆಗೆ ಸುಮಾರು 35–40 ಕೆಜಿ ಅಕ್ಕಿ. ಅದನ್ನು ಒಂದೇ ಸಲ ಬೇಯಿಸಿದರೆ ಅಡಿಯದು ಮೇಲಿನ ಭಾರಕ್ಕೇ ಮುದ್ದೆಯಾಗುತ್ತದೆ, ಮೇಲಿನದು ಮೂರನೆಯ ಪಂಕ್ತಿಯ ಹೊತ್ತಿಗೆ ಆರಿ ಕಾಳುಕಾಳಾಗುತ್ತದೆ. ಹಾಗಾಗಿ ಬಲ್ಲವರು ಪಂಕ್ತಿಗೊಂದು ಕೊಪ್ಪರಿಗೆ ಇಡುತ್ತಾರೆ. ಮೊದಲ ಪಂಕ್ತಿ ಕೂರುವ ಹೊತ್ತಿಗೆ ಎರಡನೆಯದಕ್ಕೆ ಎಸರು ಕುದಿಯುತ್ತಿರಬೇಕು. ಈಗ ಧಾರೆ ಮುಕ್ಕಾಲು ಗಂಟೆ ತಡವಾಯಿತೆನ್ನಿ. ಅಂಗಳದಲ್ಲಿ ಕೂತವರಿಗೆ ಅದು ಹರಟೆಯ ಹೊತ್ತು. ಹಿತ್ತಲಲ್ಲಿ ಭಟ್ಟರು ಎಸರಿನ ಕೆಳಗಿನ ಕೊಳ್ಳಿ ಹೊರಗೆಳೆದು, ಅಕ್ಕಿ ಹಾಕದೆ ಕಾಯುತ್ತಾ, ಮಂಟಪದ ಕಡೆಗೊಬ್ಬ ಹುಡುಗನನ್ನು ಓಡಿಸುತ್ತಿರುತ್ತಾರೆ. ಅತ್ತ ಬೇಳೆ, ಕಾಯಿ ಹಾಕಿದ ಹುಳಿ ನಿಂತಷ್ಟೂ ಗಟ್ಟಿಯಾಗುತ್ತದೆ. ಬಿಸಿನೀರು ಬೆರೆಸಿ ತೆಳ್ಳಗೆ ಮಾಡಿದರೆ ಉಪ್ಪು, ಹುಳಿ ಎರಡೂ ಸಪ್ಪೆಯಾಗುತ್ತವೆ. ಮತ್ತೆ ಹದ ಮಾಡಬೇಕು. ಪಾಯಸದ ಕಾಯಿಹಾಲನ್ನು ಮುಂಚೆಯೇ ಹಾಕಿ ಕುದಿಸಿಬಿಟ್ಟರೆ ಒಡೆಯುತ್ತದೆ. ಅದಕ್ಕೇ ಅದನ್ನು ಕೊನೆಗೆಂದು ಬೇರೆಯೇ ಇಟ್ಟಿರುತ್ತಾರೆ. ಇವಿಷ್ಟೂ ಸರಿಯಾದರೆ ಎಲೆಯ ಮುಂದೆ ಕೂತವನಿಗೆ ಏನೂ ಗೊತ್ತಾಗುವುದಿಲ್ಲ. ಈ ಕಸುಬಿನ ಪಾಡೇ ಅದು.

ಭಟ್ಟರು ಸಿಕ್ಕಾಗ "ಎಲ್ಲಿ ತ್ರಾಸಾಯ್ತು?" ಎಂದು ಒಂದು ಮಾತು ಕೇಳಿ. ಹೋಳಿಗೆಯ ಹೂರಣ ಎಂದರೋ, ಬೇಳೆ ಸರಿಯಾಗಿ ಬಸಿಯದೆ ಹೂರಣ ನೀರಾಯಿತೆಂದು ಅರ್ಥ. ಹಾಗೇ ತುಂಬಿದರೆ ಲಟ್ಟಿಸುವಾಗ ಕಣಕ ಹರಿದು, ಕಾವಲಿಗೆ ಬೆಲ್ಲ ಹತ್ತಿ ಸೀಯುತ್ತದೆ. ಯಾರೋ ಅದನ್ನು ಮತ್ತೆ ಉರಿಗೇರಿಸಿ, ತಳ ಹಿಡಿಯದಂತೆ ಮಗುಚಿ, ಉಂಡೆ ಕಟ್ಟುವ ಹದಕ್ಕೆ ತಂದಿರುತ್ತಾರೆ. ಯಾರೆಂದು ಕೇಳಿ, ಹೆಸರು ಬರೆದುಕೊಳ್ಳಿ. ಆಮೇಲೆ ಪತ್ರ ತಾನೇ ಬರುತ್ತದೆ:

"ಭಟ್ಟರಿಗೆ ನಮಸ್ಕಾರಗಳು. ಧಾರೆ ತಡವಾದರೂ ಮೂರನೆಯ ಪಂಕ್ತಿಯವರಿಗೂ ಬಿಸಿ ಅನ್ನವೇ ಬಿತ್ತು. ನೀವು ಎಸರು ಹಿಡಿದು ಕಾದಿದ್ದು ನಮಗೆ ಆಮೇಲೆ ತಿಳಿಯಿತು. ರಾತ್ರಿ ಹೂರಣ ಮಗುಚಿದ ನಿಮ್ಮ ಹುಡುಗನಿಗೂ, ನೀರು ಹೊತ್ತವರಿಗೂ, ಕೊಪ್ಪರಿಗೆ ತಿಕ್ಕಿದ ಇಬ್ಬರಿಗೂ ಇದನ್ನು ಓದಿ ಹೇಳಿ. ದೊಡ್ಡ ಉಪಕಾರವಾಯಿತು."

ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ನೋಡಿ. 'ಹುಡುಗ', 'ಇಬ್ಬರು' ಎಂದಿರುವಲ್ಲೆಲ್ಲ ಹೆಸರು ತುಂಬಿ. ಒಂದು ಎಚ್ಚರ: ಹಣ ಕೊಟ್ಟಾಗಿದೆ ಎಂದಿದ್ದೀರಿ, ಆದರೂ ಬಾಕಿ ಏನಾದರೂ ಉಳಿದಿದ್ದರೆ ಅದು ಪೂರ್ತಿ ಚುಕ್ತಾ ಆದ ಮೇಲೆಯೇ ಪತ್ರ ಕೊಡಿ. ಬಾಕಿ ಉಳಿಸಿಕೊಂಡು ಕೊಟ್ಟ ಪತ್ರ ಸಾಲದ ಚೀಟಿಯಂತೆ ಕಾಣುತ್ತದೆ.

ಮಂಟಪದ ಹುಡುಗರಿಗೂ ಇದೇ ಕ್ರಮ. 'ಅಲಂಕಾರ ಚೆನ್ನಾಗಿತ್ತು' ಎಂಬುದನ್ನು ಅವರು ದಿನವೂ ಕೇಳುತ್ತಾರೆ. ಹಿಂಗಾರವನ್ನು ಹಿಂದಿನ ದಿನವೇ ಹಾಳೆ ಸೀಳಿ ತೆಗೆದರೆ ಬೆಳಗಾಗುವಷ್ಟರಲ್ಲಿ ಕಂದುತ್ತದೆ. ಅದು ಧಾರೆಯ ಹೊತ್ತಿಗೆ ಬೆಳ್ಳಗೇ ಇತ್ತೆಂದರೆ ಯಾರೋ ನಸುಕಿನಲ್ಲೆದ್ದು ಬಿಡಿಸಿದ್ದಾರೆ. ಹೋಮಕುಂಡದ ನೇರಕ್ಕೆ ಬಟ್ಟೆಯ ಜಾಲರಿ ಇಳಿಬಿಡದೆ ಮೇಲಕ್ಕೆತ್ತಿ ಕಟ್ಟಿದ್ದರೆ ಅದು ಅಂದಕ್ಕಲ್ಲ, ಕಿಡಿಗೆ ಹೆದರಿ. ಇವೆರಡರಲ್ಲಿ ಒಂದನ್ನು ಬರೆದರೂ ಆ ಹುಡುಗರು ಪತ್ರವನ್ನು ಎತ್ತಿಡುತ್ತಾರೆ.

ನೆಂಟರದು ಸೂಕ್ಷ್ಮ. ಅವರಲ್ಲಿ ಮೊದಲ ಪತ್ರ ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದವರಿಗೆ ಹೋಗಬೇಕು. ಅರ್ಧ ಡಬ್ಬಿ ತುಪ್ಪವನ್ನು ಕಡೆಯ ಪಂಕ್ತಿಗೆಂದು ಬಚ್ಚಿಟ್ಟವರು, ಕೇಳಿದವರಿಗೆಲ್ಲ ಸಕ್ಕರೆ ಕೊಡದೆ ಬೈಸಿಕೊಂಡವರು ಅವರೇ. ಆಮೇಲೆ ಪುರೋಹಿತರ ಬೆನ್ನಿಗೆ ಕೂತಿದ್ದವರು: ಅಂತರಪಟ, ಜೀರಿಗೆ-ಬೆಲ್ಲ, ಲಾಜಾಹೋಮದ ಅರಳು, ಎಲ್ಲವೂ ಕೇಳಿದ ಕ್ಷಣ ಕೈಗೆ ಬಂದಿದ್ದರೆ ಹಿಂದಿನ ರಾತ್ರಿಯೇ ಯಾರೋ ಸಾಲಾಗಿ ಜೋಡಿಸಿಟ್ಟಿದ್ದರು. ಇನ್ನು ಈಳಿಗೆ ಮಣೆಯ ಮುಂದೆ ರಾತ್ರಿ ಕಳೆದವರು. ಇಬ್ಬರು ಅತ್ತಿಗೆಯರಿಗೆ ಒಂದೇ ಸಾಲು ಬರೆಯಬೇಡಿ. ಪತ್ರಗಳನ್ನು ಅವರು ಪಕ್ಕಪಕ್ಕ ಇಟ್ಟು ನೋಡದೆ ಬಿಡುವುದಿಲ್ಲ. 'ಎಲ್ಲರಿಗೂ' ಎಂದು ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದು ಯಾರಿಗೂ ಸೇರುವುದಿಲ್ಲ, ಯಾಕೆಂದರೆ ಏನೂ ಮಾಡದೆ ಹೆಬ್ಬೆರಳು ಒತ್ತಿದವರೂ ಅದರಲ್ಲಿ ಪಾಲುದಾರರು. ಓದು ಬಾರದ ಹಿರಿಯರಿಗೆ ಪತ್ರ ಬೇಡ, ಎಲೆ-ಅಡಿಕೆ ಹಿಡಿದು ನೀವೇ ಹೋಗಿ.

ಮಾತು ಬಂದದ್ದರಿಂದ ಹೇಳುತ್ತೇನೆ. ಈಗಿನ ಲಗ್ನಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂದು ಅರ್ಧ ಪುಟ ಹೆಸರು. ಮುಹೂರ್ತಕ್ಕೆ ಬಾರದವರ ಹೆಸರೂ ಅದರಲ್ಲಿ ಉಂಟು. ಉಗ್ರಾಣದವರ ಹೆಸರು ಎಲ್ಲಿದೆ? ಆಲ್ಬಮ್ ಬಿಡಿಸಿದರೆ ಮೆಹಂದಿಯದೇ ಹತ್ತು ಪುಟ, ಒಲೆಯದು ಒಂದೂ ಇಲ್ಲ. ಹಿತ್ತಲಿಗೂ ಒಮ್ಮೆ ಹೋಗಿ ಬಾ ಎಂದು ಯಾರೂ ಹೇಳದಿದ್ದರೆ ಫೋಟೋದವನಾದರೂ ಏನು ಮಾಡಿಯಾನು? ಬಡಿಸಿ ಬಡಿಸಿ ಬೆವತವರು ಕಡೆಯ ಪಂಕ್ತಿಗೆ ಕೂತಾಗ ಕ್ಯಾಮೆರಾ ಚೀಲಕ್ಕೆ ಸೇರಿರುತ್ತದೆ.

ನಿಮ್ಮ ಆಲ್ಬಮ್ ಇನ್ನೂ ಅಚ್ಚಿಗೆ ಹೋಗಿರದಿದ್ದರೆ ಫೋಟೋದವರ ಬಳಿ ಬಿಟ್ಟುಹೋದ ಚಿತ್ರಗಳನ್ನೂ ಕೇಳಿ. ಯಾರದೋ ಹೆಗಲ ಹಿಂದೆ, ಹೊಗೆಯ ನಡುವೆ, ಸೌಟು ಹಿಡಿದ ಕೈಯೊಂದು ಸಿಕ್ಕರೂ ಸಿಕ್ಕೀತು. ಅದರ ಒಂದು ಪ್ರತಿ ತೆಗೆಸಿ ಭಟ್ಟರ ಪತ್ರದೊಳಗೆ ಇಡಿ.

— ಸಂ.