ಮೆಟ್ಟಿಲು ಬಾವಿಗೆ ಅಷ್ಟೊಂದು ಮೆಟ್ಟಿಲು ಯಾಕೆ?

ಪ್ರಶ್ನೆ: ಉಡುಪಿಯ ನಮ್ಮ ಬಾವಿಗೆ ರಾಟೆ, ಹಗ್ಗ ಸಾಕು. ಗುಜರಾತಿನ ಹಳೇ ಬಾವಿಗಳಿಗೆ ಅಷ್ಟೊಂದು ಮೆಟ್ಟಿಲು ಯಾಕೆ?

ಉತ್ತರ: ಅಲ್ಲಿ ಮಳೆ ಕಡಿಮೆ, ನೀರಿನ ಮಟ್ಟ ಬೇಸಿಗೆಯಲ್ಲಿ ತುಂಬಾ ಕೆಳಗಿಳಿಯುತ್ತದೆ. ಮೆಟ್ಟಿಲಿದ್ದರೆ ನೀರು ಎಲ್ಲಿದೆಯೋ ಅಲ್ಲಿಗೇ ಇಳಿದು ಕೊಡ ಮುಳುಗಿಸಬಹುದು.

ಅಹಮದಾಬಾದ್ ಹತ್ತಿರದ ಅಡಾಲಜ್ ಬಾವಿಯನ್ನೇ ನೋಡಿ. 1499ರದ್ದು, ಐದು ಅಂತಸ್ತು ಆಳ. ಮೂರು ಕಡೆಯಿಂದ ಇಳಿಯುವ ಮೆಟ್ಟಿಲುಗಳು ಮೊದಲ ಅಂತಸ್ತಿನಲ್ಲಿ ಕೂಡುತ್ತವೆ. ಅಲ್ಲಿಂದ ಒಂದೇ ಉದ್ದ ಓಣಿ. ಅದರ ಕೊನೆಗೆ ನಿಜವಾದ ಬಾವಿ. ಓಣಿಯ ಕಂಬ, ತೊಲೆಗಳು ಸುಮ್ನೆ ಅಂದಕ್ಕಲ್ಲ. ಎರಡೂ ಬದಿಯ ಮಣ್ಣು ಒಳಗೆ ಕುಸಿಯದ ಹಾಗೆ ಗೋಡೆಗಳನ್ನು ದೂರ ತಳ್ಳಿ ಹಿಡಿಯುತ್ತವೆ. ಆ ನೆರಳಲ್ಲೇ ನೀರಿಗೆ ಬಂದ ಹೆಂಗಸರು, ದಾರಿಹೋಕರು ದಣಿವಾರಿಸಿಕೊಳ್ಳುತ್ತಿದ್ದರು.

ಆದರೆ ಇಳಿಯುವ ಅನುಕೂಲವೇ ತೊಂದರೆಯೂ ಆಯಿತು. ರಾಜಸ್ಥಾನ, ಗುಜರಾತಿನಲ್ಲಿ ನಾರುಹುಣ್ಣು ಹರಡಿದ್ದು ಇಂಥ ಬಾವಿಗಳಿಂದಲೇ ಜಾಸ್ತಿ. ಕಾಲಲ್ಲಿ ಹುಣ್ಣಿದ್ದವರು ನೀರಿಗಿಳಿದರೆ ಹುಣ್ಣಿನೊಳಗಿನ ನಾರಿನಂಥ ಹುಳು ನೀರಿಗೆ ಮರಿಗಳನ್ನು ಬಿಡುತ್ತದೆ. ಅವು ನೀರಿನ ಸಣ್ಣ ಜೀವಿಗಳ ಹೊಟ್ಟೆ ಸೇರುತ್ತವೆ. ಸೋಸದೆ ಅದೇ ನೀರು ಕುಡಿದವರಿಗೆ ಸುಮಾರು ಒಂದು ವರ್ಷದ ನಂತರ ಹುಣ್ಣು! ಹಾಗಾಗಿ ಎಷ್ಟೋ ಕಡೆ ಮೆಟ್ಟಿಲು ಮುಚ್ಚಿ, ಮೇಲಿಂದ ನೀರು ಸೇದುವ ಬಾವಿ ಮಾಡಿದರು. ಅಂದರೆ ನಿಮ್ಮ ಮನೆಯ ರಾಟೆ ಬಾವಿಯ ಥರದ್ದೇ ಅಲ್ವಾ.