ಹಪ್ಪಳ ಕುಣಿಯುವುದು ಬೇಡ, ಅರಳಿದರೆ ಸಾಕು

ಪ್ರಶ್ನೆ: ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಟ್ರೆಂಡಿಂಗ್ ಆಡಿಯೋ ಹಾಕಿ, ಪ್ಯಾಕೆಟ್ ಹಿಡಿದು ಕುಣಿದು ರೀಲ್ಸ್ ಮಾಡಿದೆ. ನೋಡಿದವರೆಲ್ಲ ‘ಯಾಕೋ ಹೊಂದಲ್ಲ’ ಅಂತಾರೆ. ಎಲ್ಲಿ ತಪ್ಪಿದೆ ಮೇಡಂ?

ಸೋಪು ಮಾಡುವವರು, ಚಟ್ನಿಪುಡಿ ಮಾಡುವವರು ಎಲ್ಲರೂ ಇದನ್ನೇ ಕೇಳುತ್ತಾರೆ, ಎಲ್ಲರದ್ದೂ ಒಂದೇ ತಪ್ಪು. ಮೊದಲು ಆಡಿಯೋ ಆರಿಸಿ, ಆಮೇಲೆ ಪ್ಯಾಕೆಟ್ಟನ್ನು ಅದರೊಳಗೆ ತುರುಕುತ್ತೀರಿ. ನಿಮ್ಮ ಕೈಯಲ್ಲಿ ಹಪ್ಪಳದ ಬದಲು ಸೋಪು ಇದ್ದಿದ್ದರೂ ಆ ರೀಲ್ಸ್ ಹಾಗೇ ಇರುತ್ತಿತ್ತು, ಅಲ್ವಾ?

ಆಡಿಯೋದ ಹೆಸರು ಒತ್ತಿ, ಅದೇ ಆಡಿಯೋದಲ್ಲಿ ಬಂದ ಹತ್ತು ಹದಿನೈದು ರೀಲ್ಸ್ ನೋಡಿ. ಬಹಳಷ್ಟು ಜನ ಒಂದೇ ಕ್ಷಣದಲ್ಲಿ ಏನನ್ನೋ ಬದಲಿಸಿರುತ್ತಾರೆ. ಐದು ಸೆಕೆಂಡು ಮೆಲ್ಲಗೆ ಬಂದು, ಆರನೆಯದಕ್ಕೆ ದಢಾರನೆ ಬೀಟ್ ಬೀಳುತ್ತದೆ ಅಂದುಕೊಳ್ಳಿ. ಆ ತಿರುವೇ ಟ್ರೆಂಡಿನ ಜೀವ. ನಿಮ್ಮ ಸರಕಿನಲ್ಲಿ ಅಂಥ ತಿರುವು ಎಲ್ಲಿದೆ? ಎಣ್ಣೆಗೆ ಬಿದ್ದ ಹಪ್ಪಳ ಅರಳುವಾಗ! ಅದನ್ನು ಬಿಟ್ಟು ನೀವು ಕುಣಿದಿದ್ದೀರಿ.

ಹಾಗಾಗಿ ಹಿಂದಿನಿಂದ ಕಟ್ಟಿಕೊಂಡು ಬನ್ನಿ. ಅರಳುವ ಶಾಟನ್ನು ಮೊದಲು ಬೀಟಿನ ಮೇಲೆ ಕೂರಿಸಿ. ಅದಕ್ಕೂ ಮುಂಚಿನ ಐದು ಸೆಕೆಂಡಿಗೆ ಎರಡೇ ಶಾಟ್ ಸಾಕು: ಬೆರಳಿನಿಂದ ತಟ್ಟುವ ಹಿಟ್ಟು, ಚಾಪೆಯ ಮೇಲೆ ಒಣಗಿ ಅಂಚು ಮುರುಟಿದ ಹಪ್ಪಳ. ಎಣ್ಣೆ ಚೆನ್ನಾಗಿ ಕಾದಿರಲಿ, ಇಲ್ಲದಿದ್ದರೆ ಹಪ್ಪಳ ನಿಧಾನಕ್ಕೆ ಎದ್ದು ಬೀಟ್ ತಪ್ಪುತ್ತದೆ, ಎಡಿಟಿಂಗ್‌ನಲ್ಲಿ ಎಷ್ಟು ಎಳೆದಾಡಿದರೂ ಅದು ಗೊತ್ತಾಗುತ್ತದೆ. ನಾಲ್ಕೈದು ಹಪ್ಪಳ ಕರಿದು, ಸರಿಯಾಗಿ ಅರಳಿದ್ದನ್ನು ಆರಿಸಿ. ಎಣ್ಣೆಯ ಚುರ್ ಸದ್ದನ್ನು ಪೂರ್ತಿ ಮ್ಯೂಟ್ ಮಾಡಬೇಡಿ, ಸಂಗೀತವನ್ನು ಸ್ವಲ್ಪ ಇಳಿಸಿ ಅದಕ್ಕೂ ಜಾಗ ಕೊಡಿ. ಪ್ಯಾಕೆಟ್ ಕೊನೆಯಲ್ಲಿ ಒಂದು ಸಲ ಕಂಡರೆ ಆಯ್ತು.

ಮುಗಿದ ಮೇಲೆ ಆಡಿಯೋ ಬಂದ್ ಮಾಡಿ ನೋಡಿ. ಆಗಲೂ ನೋಡಬೇಕು ಅನ್ನಿಸಿದರೆ ಹಾಕಿ, ಇಲ್ಲದಿದ್ದರೆ ಆ ಟ್ರೆಂಡ್ ಬಿಟ್ಟುಬಿಡಿ. ಒಣಗುವ ಸರಕಿಗೆ ಮಾತಿನ ಜಗಳದ ಆಡಿಯೋ ಹೊಂದಿಸಲು ನಾನೇ ಎರಡು ದಿನ ಕಳೆದಿದ್ದೇನೆ. ಹೊಂದಲಿಲ್ಲ.

ಪ್ರಶ್ನೆ: ಬಿಸಿನೆಸ್ ಅಕೌಂಟಲ್ಲಿ ಸಿನಿಮಾ ಹಾಡು ಸಿಗಲ್ಲ. ಕ್ರಿಯೇಟರ್ ಅಕೌಂಟಿಗೆ ಬದಲಾಯಿಸಲಾ?

ಬೇಡ. ಹಾಡು ಕಾಣಿಸಿದ ಮಾತ್ರಕ್ಕೆ ಅದನ್ನು ಹಾಕಿ ಸರಕು ಮಾರಲು ಅನುಮತಿ ಸಿಕ್ಕ ಹಾಗಲ್ಲ. ಸದ್ದು ಹೋಗಬಹುದು, ರೀಲ್ಸೇ ತೆಗೆದುಹಾಕಬಹುದು, ದುಡ್ಡು ಕೊಟ್ಟು ಬೂಸ್ಟ್ ಮಾಡುವಾಗಲೂ ತಡೆ ಬರುತ್ತದೆ. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ. ಟ್ರೆಂಡಿನ ತಿರುವನ್ನಷ್ಟೇ ತಗೊಳ್ಳಿ, ಅಂಥದ್ದೇ ಬೀಟ್ ಇರುವ ಸಂಗೀತವನ್ನು, ಬಿಸಿನೆಸ್‌ನವರೂ ಬಳಸಬಹುದಾದ ಸಂಗೀತದ ಸಂಗ್ರಹವಾದ Meta Sound Collection ನಲ್ಲಿ ಹುಡುಕಿ.

ಪ್ರಶ್ನೆ: ಟ್ರೆಂಡಿಂಗ್ ಹಾಡು ಹಾಕಿ ವಾಲ್ಯೂಮ್ ಸೊನ್ನೆ ಮಾಡಿದರೆ ರೀಚ್ ಬರುತ್ತಂತೆ, ಹೌದಾ?

ಇದನ್ನು ದುಡ್ಡು ತಗೊಂಡು ಕಲಿಸುವವರ ಹತ್ತಿರ ಹೋಗಬೇಡಿ. ಕೇಳಿಸದ ಹಾಡಿಗೋಸ್ಕರ ಯಾರೂ ನಿಂತು ನೋಡಲ್ಲ.

ಪ್ರಶ್ನೆ: ವಾರಕ್ಕೆ ಎಷ್ಟು ಟ್ರೆಂಡ್ ಮಾಡಬೇಕು?

ಹೊಂದಿದಷ್ಟು. ಕೆಲವು ವಾರ ಒಂದೂ ಇರಲ್ಲ.