ಎಲ್ಲಾ ಕಡೆ ‘ವಿಶೇಷಚೇತನ’ ಹಾಕಿದರೆ ಸಾಕಾ?

“ಗದಗಿನ ಪುಣ್ಯಾಶ್ರಮದ ಬಗ್ಗೆ ಲೇಖನ ತಿದ್ದುತ್ತಿದ್ದೇನೆ. ‘ಕುರುಡ’ ಇರುವಲ್ಲೆಲ್ಲ ‘ವಿಶೇಷಚೇತನ’ ಹಾಕಲೇ?”

ಬೇಡ ರೀ. ಆಗ ಕಣ್ಣಿನ ವಿಷಯವೋ, ಕಾಲಿನದ್ದೋ ಓದುವವರಿಗೆ ಗೊತ್ತೇ ಆಗಲ್ಲ. ಕಾಣದೇ ಇದ್ದರೆ ‘ಅಂಧ’ ಅನ್ನಿ, ಸ್ವಲ್ಪ ಕಂಡರೆ ‘ಮಂದದೃಷ್ಟಿ’. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇವೆರಡನ್ನು ಬೇರೆ ಬೇರೆಯಾಗಿಯೇ ಹೇಳುತ್ತದೆ. ಆದರೆ ಕಾಯ್ದೆಯ ಹೆಸರಿನಲ್ಲಿರುವ ‘ಅಂಗವಿಕಲ’ ಪದವನ್ನು ಮಾತ್ರ ತಿದ್ದಲು ಹೋಗಬೇಡಿ.

ಪದಕ್ಕಿಂತ ವಾಕ್ಯದ ಕಾಟ ಜಾಸ್ತಿ. ಉದಾಹರಣೆಗೆ, “ಹುಟ್ಟು ಕುರುಡರಾದರೂ ಪುಟ್ಟರಾಜ ಗವಾಯಿಗಳು ಸಂಗೀತ ಕಲಿತರು.” ‘ಹುಟ್ಟು’ ಅನ್ನುವುದೇ ತಪ್ಪು, ದೃಷ್ಟಿ ಹೋದದ್ದು ಬಾಲ್ಯದಲ್ಲಿ. ಇನ್ನು ಆ ‘ಆದರೂ’. ಸಂಗೀತ ಕಲಿಯಲು ಬೇಕಾದದ್ದು ಕಿವಿ, ಅಲ್ವಾ? “ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು ಪಂಚಾಕ್ಷರಿ ಗವಾಯಿಗಳ ಬಳಿ ಸಂಗೀತ ಕಲಿತರು” ಅಂತ ಬರೆಯಿರಿ. ‘ನರಳುವ’, ‘ಪಾಪ’ ಎಲ್ಲ ಇದ್ದರೆ ಸುಮ್ನೆ ಅಳಿಸಿಬಿಡಿ. ಯಾರಾದರೂ ಆಡಿದ ಮಾತು ಉದ್ಧರಣೆಯಲ್ಲಿದ್ದರೆ ಮಾತ್ರ ಮುಟ್ಟಬೇಡಿ.